ಐಕ್ಯೂ 66, ಎಸ್‌ಕ್ಯೂ 88: ಯಾವುದನ್ನು ನಂಬಬೇಕು?

"ಮಗನಿಗೆ ಈಗ ಸರಿಯಾಗಿ 7 ವರ್ಷ. ಐಕ್ಯೂ 66 ಬಂದಿದೆ, ದಿನನಿತ್ಯದ ಸಾಮರ್ಥ್ಯ ಅಳೆಯುವ ವಿಎಸ್‌ಎಂಎಸ್ ಎಂಬ ಮಾಪನದಲ್ಲಿ ಎಸ್‌ಕ್ಯೂ 88. ಬುದ್ಧಿಮಾಂದ್ಯ ಇದೆಯೋ ಇಲ್ಲವೋ?"

ಈ ಎರಡು ಅಂಕೆಗಳಿಂದ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಬುದ್ಧಿಮಾಂದ್ಯ, ಈಗಿನ ಹೆಸರಿನಲ್ಲಿ ಬೌದ್ಧಿಕ ಅಂಗವೈಕಲ್ಯ, ಎನ್ನಲು ಐಕ್ಯೂ ಸುಮಾರು 70ರ ಆಸುಪಾಸು ಅಥವಾ ಕೆಳಗಿರಬೇಕು, ಜೊತೆಗೆ ದಿನನಿತ್ಯದ ಬದುಕಿನಲ್ಲೂ ಕೊರತೆ ಕಾಣಬೇಕು. ತೀವ್ರತೆಯನ್ನು ಅಳೆಯುವುದೂ ಈಗ ಎರಡನೆಯದರಿಂದಲೇ. ಹಾಗಾಗಿ ನಾನು ಮೊದಲು ಅನುಮಾನದಿಂದ ನೋಡುವುದು ಆ 88ನ್ನು.

ಎಸ್‌ಕ್ಯೂ ಎಂದರೆ ಸಾಮಾಜಿಕ ವಯಸ್ಸನ್ನು, ಅಂದರೆ ಮಗು ಮಾಡುವ ಕೆಲಸಗಳು ಯಾವ ವಯಸ್ಸಿನ ಮಟ್ಟದವೋ ಅದನ್ನು, ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ನಿಮ್ಮ ಮಗನಿಗೆ 84 ತಿಂಗಳು. 88 ಬರಬೇಕಾದರೆ ಸಾಮಾಜಿಕ ವಯಸ್ಸು 74 ತಿಂಗಳು ಎಂದು ಲೆಕ್ಕ ಹಾಕಿರುತ್ತಾರೆ. ಈ ವಯಸ್ಸಿನ ಮಟ್ಟದಲ್ಲಿ ವರ್ಷಕ್ಕೆ ನಾಲ್ಕೈದು ಪ್ರಶ್ನೆಗಳಷ್ಟೇ ಇರುವುದರಿಂದ ಒಂದೊಂದು ಪ್ರಶ್ನೆಗೂ ಎರಡು-ಮೂರು ತಿಂಗಳ ತೂಕ. ಐದು ಕಡೆ ಸುಮ್ಮನೆ "ಹೌದು" ಬಿದ್ದಿದ್ದರೆ, ಅವನ್ನು ತೆಗೆದಾಗ ಸಾಮಾಜಿಕ ವಯಸ್ಸು ಸುಮಾರು 61 ತಿಂಗಳಿಗೆ ಇಳಿಯುತ್ತದೆ, ಎಸ್‌ಕ್ಯೂ 73ರ ಹತ್ತಿರ ಬರುತ್ತದೆ.

ಆ "ಹೌದು" ಬೀಳುವುದು ಹೀಗೆ. "ತಾನೇ ಸ್ನಾನ ಮಾಡ್ತಾನಾ?" ಎಂದರೆ ಅಮ್ಮ ಹೌದು ಎನ್ನುತ್ತಾರೆ. ನೀರು ಹದ ಮಾಡುವುದು ಯಾರು, ಬೆನ್ನಿಗೆ ಸೋಪು ಹಚ್ಚುವುದು ಯಾರು, "ಇನ್ನೊಂದು ಚೊಂಬು ಹಾಕ್ಕೋ" ಎಂದು ಬಾಗಿಲ ಹೊರಗೆ ನಿಂತು ಹೇಳುವುದು ಯಾರು ಎಂದು ಕೇಳಿದಾಗಲೇ ನಿಜ ಹೊರಬರುವುದು. ಮಾಡಬಲ್ಲನೇ ಎಂಬುದಲ್ಲ, ಹೇಳಿಸಿಕೊಳ್ಳದೆ ದಿನವೂ ಮಾಡುತ್ತಾನೆಯೇ ಎಂಬುದು ಪ್ರಶ್ನೆ. ಇದಕ್ಕೆ ವಿರುದ್ಧವಾಗಿಯೂ ಆಗುತ್ತದೆ: ಅಜ್ಜಿ ಇನ್ನೂ ತುತ್ತು ಕೊಡುವ ಮನೆಯಲ್ಲಿ, ಕೈಲಾಗುವ ಮಗುವೂ ಕಡಿಮೆ ಅಂಕ ಪಡೆಯುತ್ತದೆ. ಅದು ಅವಕಾಶದ ಕೊರತೆ, ಬೇರೆಯಾಗಿ ಗುರುತಿಸಬೇಕು.

ಇನ್ನೊಂದು ತೊಡಕು ದೊಡ್ಡದು. ಊಟ, ಬಟ್ಟೆ, ಓಡಾಟ, ಮಾತು ಎಲ್ಲವನ್ನೂ ವಿಎಸ್‌ಎಂಎಸ್ ಒಂದೇ ಅಂಕೆಗೆ ಇಳಿಸುತ್ತದೆ. ಚಟುವಟಿಕೆಯ ಹುಡುಗ ಮೊದಲ ಮೂರರಲ್ಲಿ ಗಳಿಸಿದ್ದು ಮಾತಿನ, ಓದುಬರಹದ ಕೊರತೆಯನ್ನು ಮುಚ್ಚಿಬಿಡುತ್ತದೆ. ಕಲಿಕೆಯ ತಿಳಿವಳಿಕೆ, ಸಾಮಾಜಿಕ ನಡವಳಿಕೆ, ದಿನನಿತ್ಯದ ಕೆಲಸ, ಈ ಮೂರರಲ್ಲಿ ಒಂದರಲ್ಲಿ ಗಣನೀಯ ಕೊರತೆ ಇದ್ದರೂ ಮಾನದಂಡ ಪೂರೈಸುತ್ತದೆ. ಆದ್ದರಿಂದ ಕ್ಷೇತ್ರವಾರು ಅಂಕ ಕೊಡುವ ವೈನ್‌ಲ್ಯಾಂಡ್-3ರಂಥ ಮಾಪನವನ್ನು ಸಂದರ್ಶನದ ರೂಪದಲ್ಲಿ ಮಾಡಿಸಿ, ಟೀಚರನ್ನೂ ಬೇರೆಯಾಗಿ ಕೇಳಲು ಹೇಳಿ. ಅಲ್ಲಿ ಸರಾಸರಿ 100. 70ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಬಂದ ಕ್ಷೇತ್ರ ಯಾವುದು ಎಂದು ನೋಡಿ.

ಟೀಚರ್ ಮಾತೂ ಸೇರಿ ಎಲ್ಲ ಕ್ಷೇತ್ರಗಳೂ 85ರ ಮೇಲೆ ನಿಂತರೆ ಬೌದ್ಧಿಕ ಅಂಗವೈಕಲ್ಯ ಎಂದು ಬರೆಯುವಂತಿಲ್ಲ. ಆಗ ಐಕ್ಯೂ 66ನ್ನೇ ಮತ್ತೆ ಪರಿಶೀಲಿಸಬೇಕು: ಮನೆಮಾತಿನಲ್ಲಿ ಕೇಳಿದರೇ, ಕಿವಿ ಪರೀಕ್ಷೆ ಆಗಿದೆಯೇ, ಮಾತಿನ ಭಾಗಕ್ಕೂ ಕೈಕೆಲಸದ ಭಾಗಕ್ಕೂ ಎಷ್ಟು ಅಂತರವಿದೆ? ಒಂದು 58, ಇನ್ನೊಂದು 80 ಇದ್ದರೆ ಆ ಒಟ್ಟು ಐಕ್ಯೂಗೆ ಅರ್ಥ ಕಡಿಮೆ. ಮೊದಲು ಭಾಷಾ ಬೆಳವಣಿಗೆಯನ್ನೂ ಶ್ರವಣವನ್ನೂ ತೋರಿಸಿಕೊಂಡು ಬನ್ನಿ.