ಕಾರಿನ ಕಂತು ಮುಗಿದ ಮೇಲಿನ ಒಂಬತ್ತು ಸಾವಿರ

"ಮುಂದಿನ ತಿಂಗಳು 5ಕ್ಕೆ ಕಾರ್ ಲೋನಿನ ಕೊನೆ ಕಂತು. ತಿಂಗಳಿಗೆ 9,000 ಉಳಿಯುತ್ತೆ. ಹಿಂದೆ ಬೈಕ್ ಲೋನ್ ಮುಗಿದಾಗ ಆ ದುಡ್ಡು ಎಲ್ಲಿ ಹೋಯ್ತೋ ಗೊತ್ತೇ ಆಗ್ಲಿಲ್ಲ. ಮನೆ ಸಾಲ 12 ಲಕ್ಷ, 15 ವರ್ಷ ಬಾಕಿ ಇದೆ. ಈ ಸಲ ಏನು ಮಾಡಲಿ? ಊರು ತುಮಕೂರು."

ಕೊನೆ ಕಂತು ಕಟ್ಟಾಗುವ ಮೊದಲೇ ಆ 9,000ಕ್ಕೆ ಬೇರೆ ದಾರಿ ಹಾಕಿಬಿಡಿ. ಮುಗಿದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ನಾನು ತುಮಕೂರಿನಲ್ಲೇ ಒಂದು ಸಹಕಾರ ಸಂಘದಲ್ಲಿ ಸಾಲದ ಲೆಕ್ಕ ನೋಡುತ್ತೇನೆ. ಸಾಲ ತೀರಿಸಿದವರು ಸ್ವಲ್ಪ ದಿನಕ್ಕೇ ಮತ್ತೆ ಅರ್ಜಿ ಹಿಡಿದು ಬರುವುದು ಇಲ್ಲಿ ಮಾಮೂಲು.

ದುಡ್ಡು ಹೋಟೆಲ್ಲು, ಬಟ್ಟೆಗೆ ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅಷ್ಟು ದೊಡ್ಡ ತೂತಲ್ಲ, ಬೇಕೆಂದಾಗ ನಿಲ್ಲಿಸಬಹುದು. ತೊಂದರೆ ಕೊಡುವುದು ಹೊಸ ಕಂತು. ಎರಡು ತಿಂಗಳು ಖಾತೆಯಲ್ಲಿ ದುಡ್ಡು ಮಿಗುತ್ತದೆ. ಆಮೇಲೆ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಮೊಬೈಲು, ತಿಂಗಳಿಗೆ 2,500. ಹಳೆ ಟಿವಿ ಬದಲು ದೊಡ್ಡದು, ಇನ್ನೊಂದು 2,000. "ಲೋನ್ ಮುಗೀತಂತಲ್ಲ" ಅಂತ ನೆಂಟರೊಬ್ಬರ ಒತ್ತಾಯಕ್ಕೆ ಒಂದು ಚೀಟಿ. ಇವೆಲ್ಲ ಒಮ್ಮೆ ಸೇರಿಕೊಂಡರೆ ವರ್ಷ, ಎರಡು ವರ್ಷ ಬಿಡುವುದಿಲ್ಲ. ನಿಮ್ಮ ಬೈಕಿನ ಕಂತಿನ ದುಡ್ಡೂ ಬಹುಶಃ ಹೀಗೇ ಹೋಗಿರಬೇಕು. ಆ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳೂ ಒಂದೇ ಮೊತ್ತದಲ್ಲಿ ಕಟ್ಟಾಗಿರುವ ಸಾಲುಗಳನ್ನು ಮಾತ್ರ ಗುರುತು ಮಾಡಿ ನೋಡಿ.

ಆದ್ದರಿಂದ ಸಂಬಳದ ಖಾತೆಗೆ ಸಾಲ ಮುಗಿದದ್ದು ಗೊತ್ತಾಗಲೇಬಾರದು. ಕಾರಿನ ಕಂತು 5ನೇ ತಾರೀಕು ಹೋಗುತ್ತಿತ್ತಲ್ವಾ? ಮರುತಿಂಗಳಿಂದ ಅದೇ 5ನೇ ತಾರೀಕು ಅದೇ 9,000 ಹೋಗಬೇಕು. ಬ್ಯಾಂಕಿನಲ್ಲಿ ಈಗಲೇ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟು, ಶುರುವಾಗುವ ದಿನ ಆ 5ನೇ ತಾರೀಕೇ ಅಂತ ಹಾಕಿಸಿ. ಮೊಬೈಲ್ ಆಪ್‌ನಲ್ಲೂ ಇದಾಗುತ್ತದೆ. 20ನೇ ತಾರೀಕಿಗೆ ಇಟ್ಟರೆ ಸಂಬಳ ಅಷ್ಟರಲ್ಲಿ ಕರಗಿರುತ್ತದೆ. ಖಾತೆಯಲ್ಲಿ ದುಡ್ಡು ಸಾಕಾಗದೆ ಒಂದೆರಡು ಸಲ ವಾಪಸ್ಸಾದರೆ ನೀವೇ ಅದನ್ನು ರದ್ದು ಮಾಡಿಬಿಡುತ್ತೀರಿ.

ಎಲ್ಲಿಗೆ ಕಳಿಸಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೀಗೆ. ಚಿನ್ನದ ಸಾಲವೋ, ಕ್ರೆಡಿಟ್ ಕಾರ್ಡ್ ಬಾಕಿಯೋ ಇದ್ದರೆ ಪೂರ್ತಿ 9,000 ಮೊದಲು ಅದಕ್ಕೆ. ಅದಿಲ್ಲ, ಆದರೆ ಮೂರು ತಿಂಗಳ ಮನೆ ಖರ್ಚಿನಷ್ಟು ಕೈಯಲ್ಲಿ ಇಲ್ಲ ಅಂದರೆ, ಅಷ್ಟು ಸೇರುವವರೆಗೆ ಬೇರೆ ಸೇವಿಂಗ್ಸ್ ಖಾತೆಗೆ. ಆ ಖಾತೆಗೆ ಎಟಿಎಂ ಕಾರ್ಡೂ ಬೇಡ, ಯುಪಿಐಯೂ ಬೇಡ. ಮನೆ ಸಾಲಕ್ಕೆ ಹೆಚ್ಚಿಗೆ ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆಸ್ಪತ್ರೆ ಖರ್ಚು ಬಂದ ದಿನ ಅದು ನಿಮಗೆ ಉಪಯೋಗಕ್ಕಿಲ್ಲ.

ಇವೆರಡೂ ಸರಿಯಿದೆ ಅಂದುಕೊಳ್ಳೋಣ. ಆಗ 6,000 ಮನೆ ಸಾಲಕ್ಕೆ, 2,000 ಆರ್‌ಡಿಗೆ, 1,000 ಮನೆಯವರ ಖುಷಿಗೆ ಅಂತ ಹಂಚುತ್ತೇನೆ. ಆ ಕೊನೆಯ ಸಾವಿರವನ್ನು ಉಳಿಸಲು ಹೋಗಬೇಡಿ. ಐದಾರು ವರ್ಷ ಬಿಗಿ ಹಿಡಿದ ಮನೆಯಲ್ಲಿ ಏನೂ ಸಡಿಲ ಬಿಡದಿದ್ದರೆ ಮಿಕ್ಕ ಎಂಟು ಸಾವಿರಕ್ಕೂ ಕೈ ಹಾಕುತ್ತಾರೆ.

ಮನೆ ಸಾಲಕ್ಕೆ ಬಡ್ಡಿ ಶೇ. 8.5 ಅಂತಿಟ್ಟುಕೊಂಡರೆ ನಿಮ್ಮ ಕಂತು ಸುಮಾರು 11,817 ಇರುತ್ತದೆ. ಹೀಗೇ ಬಿಟ್ಟರೆ 15 ವರ್ಷದಲ್ಲಿ ಬಡ್ಡಿಯೇ ಸುಮಾರು 9.27 ಲಕ್ಷ. ತಿಂಗಳಿಗೆ 6,000 ಸೇರಿಸಿ ಕಟ್ಟಿದರೆ ಸಾಲ ಸುಮಾರು 7 ವರ್ಷ 8 ತಿಂಗಳಿಗೆ ಮುಗಿಯುತ್ತದೆ, ಬಡ್ಡಿ 4.4 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಈಗ ನೀವು ಕಟ್ಟುವ 11,817ರಲ್ಲಿ 8,500 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 3,317 ಮಾತ್ರ. ಹೆಚ್ಚಿಗೆ ಕಟ್ಟುವ 6,000 ಪೂರ್ತಿ ಅಸಲಿಗೇ ಸೇರುತ್ತದೆ.

ಪೂರ್ತಿ ಅಸಲಿಗೆ ಸೇರಿದರೆ ಮಾತ್ರ. ಎಷ್ಟೋ ಜನ ಎಡವುವುದು ಇಲ್ಲಿಯೇ. ಸುಮ್ನೆ ಲೋನ್ ಖಾತೆಗೆ ದುಡ್ಡು ಹಾಕಿದರೆ ಕೆಲವು ಕಡೆ ಅದು ಮುಂದಿನ ಕಂತಿನ ಮುಂಗಡವಾಗಿ ಕೂತುಬಿಡುತ್ತದೆ. ನಿಮಗೆ ಬೇಕಾದದ್ದು 'ಪಾರ್ಟ್ ಪೇಮೆಂಟ್'. ಅದರ ಜೊತೆಗೆ "ಕಂತು ಇಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ. ಅವರು ಕಂತನ್ನೇ ಇಳಿಸಿದರೆ ಮತ್ತೆ ಒಂದಿಷ್ಟು ದುಡ್ಡು ಕೈಗೆ ಬಂದು, ಮೊದಲಿನ ಕಥೆಯೇ ಶುರುವಾಗುತ್ತದೆ. ಕಂಡುಹಿಡಿಯುವುದು ಸುಲಭ. ಮೊದಲ ತಿಂಗಳಾದ ಮೇಲೆ ಲೋನ್ ಸ್ಟೇಟ್‌ಮೆಂಟ್ ತೆಗೆಸಿ. 12,00,000 ಇದ್ದ ಬಾಕಿ ಹತ್ತಿರ ಹತ್ತಿರ 11,90,683ಕ್ಕೆ ಇಳಿದಿರಬೇಕು. 11,96,683 ಅಂತಿದ್ದರೆ ನಿಮ್ಮ 6,000 ಅಸಲಿಗೆ ಸೇರಿಲ್ಲ. ಅವತ್ತೇ ಬ್ರಾಂಚಿಗೆ ಹೋಗಿ ಕೇಳಿ.

ಕೆಲವು ಬ್ಯಾಂಕುಗಳು ಇಷ್ಟು ಸಣ್ಣ ಪಾರ್ಟ್ ಪೇಮೆಂಟ್ ತೆಗೆದುಕೊಳ್ಳುವುದಿಲ್ಲ. ಹಾಗಿದ್ದರೆ ಆ ಬೇರೆ ಖಾತೆಯಲ್ಲಿ ಮೂರು ತಿಂಗಳು ಕೂಡಿಸಿ 18,000 ಒಟ್ಟಿಗೆ ಕಟ್ಟಿ. ಬದಲಾಗುವ ಬಡ್ಡಿಯ ಮನೆ ಸಾಲ ನಿಮ್ಮ ಸ್ವಂತ ಹೆಸರಿನಲ್ಲಿದ್ದರೆ ಮೊದಲೇ ಕಟ್ಟಿದ್ದಕ್ಕೆ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸ್ಥಿರ ಬಡ್ಡಿಯದ್ದಾದರೆ ಕರಾರು ಪತ್ರ ಓದಿ ನೋಡಿ.

2,000ದ ಆರ್‌ಡಿ ಮುಂದಿನ ಕಾರಿಗೆ. ಈಗಿನ ಕಾರು ಇನ್ನು ಐದು ವರ್ಷ ಓಡಿದರೆ, ಮುಂದಿನದಕ್ಕೆ ಸಾಲ ಅಷ್ಟರಮಟ್ಟಿಗೆ ಕಡಿಮೆ. ಅಂಚೆ ಕಚೇರಿಯ ಆರ್‌ಡಿಗೆ 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ. 6.7 ಆಯಿತು. ಆ ದರಕ್ಕೆ 60 ಕಂತಿನಲ್ಲಿ 1,20,000 ಕಟ್ಟಿದರೆ ಸುಮಾರು 1,42,700 ಬರುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ತೆರೆದ ದಿನದ ದರವೇ ಕೊನೆಯವರೆಗೂ ಇರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿಸಿ ಸುಮ್ಮನಿದ್ದರೆ ಖಾತೆ ನಿಂತುಹೋಗುತ್ತದೆ. ಹಾಗಾಗಿ ಇದನ್ನೂ ತಾನಾಗಿ ಕಟ್ಟಾಗುವಂತೆ ಮಾಡಿ. ಇಲ್ಲವೆಂದರೆ ಸಂಬಳ ಬರುವ ಬ್ಯಾಂಕಿನಲ್ಲೇ ತೆರೆಯಿರಿ, ದರ ಸ್ವಲ್ಪ ಆಚೀಚೆ ಇದ್ದರೂ ತಲೆನೋವಿಲ್ಲ.

ಕಾರ್ ಲೋನ್ ಮುಗಿಯುವ ಹೊತ್ತಿಗೆ ಸಾಲ ಕೊಟ್ಟವರಿಂದಲೇ ಫೋನ್ ಬರುತ್ತದೆ: "ಸರ್, ನಿಮಗೆ ಟಾಪ್‌ಅಪ್ ಸ್ಯಾಂಕ್ಷನ್ ಆಗಿದೆ." ಬೇಡ ಅಂತ ಹೇಳಿ ಇಟ್ಟುಬಿಡಿ. ಅವರ ಹತ್ತಿರ ನಿಮಗಿರುವ ಕೆಲಸ ಬೇರೆ. ಸಾಲ ತೀರಿದೆ ಅನ್ನುವ ಎನ್‌ಒಸಿ ಮತ್ತು ಆರ್‌ಟಿಒಗೆ ಕೊಡಲು ಅವರು ಸಹಿ ಮಾಡಿದ ಫಾರಂ 35ರ ಎರಡು ಪ್ರತಿ ತೆಗೆದುಕೊಳ್ಳಿ. ಕಂತಿನ ಆಟೋ ಡೆಬಿಟ್ ರದ್ದಾಗಿದೆಯಾ ಅಂತಲೂ ಕೇಳಿ, ಕೆಲವೊಮ್ಮೆ ಮುಗಿದ ಮೇಲೂ ಒಂದು ಕಂತು ಕಟ್ಟಾಗುತ್ತದೆ. ಕಾಗದ ಕೈಗೆ ಬಂದ ಕೂಡಲೇ ಆರ್‌ಟಿಒದಲ್ಲಿ ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಎನ್‌ಒಸಿಯನ್ನು ಬೀರುವಿನಲ್ಲಿಟ್ಟು ಅವಧಿ ಮೀರಿಸಿಕೊಂಡರೆ ಮತ್ತೆ ಹೊಸದಕ್ಕೆ ಅಲೆಯಬೇಕು. ಇನ್ಶೂರೆನ್ಸ್ ಪಾಲಿಸಿಯಲ್ಲೂ ಸಾಲ ಕೊಟ್ಟವರ ಹೆಸರು ಇರುತ್ತದೆ, ನವೀಕರಿಸುವಾಗ ಅದನ್ನೂ ತೆಗೆಸಿ.