ಕ್ಲೈಂಟ್‌ಗೆ ಹಬ್ಬದ ಇಮೇಲ್: ಫಾರ್ವರ್ಡ್ ಅನ್ನಿಸದಂತೆ ಬರೆಯೋದು ಹೇಗೆ?

ಪ್ರಶ್ನೆ: ನಮ್ಮದು ಆರು ಜನರ ವೆಬ್‌ಸೈಟ್ ಡಿಸೈನ್ ಕಂಪನಿ. ಸುಮಾರು 60 ಕ್ಲೈಂಟ್‌ಗಳಿದ್ದಾರೆ. ಪ್ರತಿ ದೀಪಾವಳಿಗೂ ಎಲ್ಲರಿಗೂ ಒಂದು ಶುಭಾಶಯದ ಇಮೇಲ್ ಕಳಿಸುತ್ತೇವೆ, ಒಬ್ಬರೂ ಉತ್ತರ ಬರೆಯಲ್ಲ. ಓದಿದರೆ ನನಗೇ ಫಾರ್ವರ್ಡ್ ಮೆಸೇಜ್ ಥರ ಅನ್ನಿಸುತ್ತೆ. ಕ್ಲೈಂಟ್‌ಗಳಲ್ಲಿ ಬೇರೆ ಬೇರೆ ಧರ್ಮದವರಿದ್ದಾರೆ, ಬೇರೆ ದೇಶದವರೂ ಇದ್ದಾರೆ. ಯಾರಿಗೂ ಮುಜುಗರ ಆಗದ ಹಾಗೆ ಚಿಕ್ಕದಾಗಿ ಹೇಗೆ ಬರೆಯಲಿ? ಹೋದ ವರ್ಷದ ಇಮೇಲ್ ಜೊತೆಗಿಟ್ಟಿದ್ದೇನೆ.

ಉತ್ತರ: ಹೋದ ವರ್ಷದ್ದನ್ನು ಓದಿದೆ. "ಆತ್ಮೀಯ ಗ್ರಾಹಕರೇ, ಬೆಳಕಿನ ಹಬ್ಬವು ತಮ್ಮ ಬಾಳಿನಲ್ಲಿ ಸುಖ, ಶಾಂತಿ, ಸಮೃದ್ಧಿ ತರಲಿ ಎಂದು ಹಾರೈಸುವ..." ಅಂತ ಶುರುವಾಗಿ, ಕೊನೆಯಲ್ಲಿ ಕಂಪನಿ ಹೆಸರು, ಲೋಗೋ, ನಾಲ್ಕು ಲಿಂಕ್. ಒಂದು ಕೆಲಸ ಮಾಡಿ. ಕೆಳಗಿರುವ ನಿಮ್ಮ ಹೆಸರು ಅಳಿಸಿ ಇನ್ಯಾವುದೋ ಕಂಪನಿಯ ಹೆಸರು ಹಾಕಿ ಓದಿ. ಯಾವುದಾದರೂ ಒಂದು ಸಾಲು ಸುಳ್ಳಾಯಿತಾ? ಆಗಲಿಲ್ಲ ಅಲ್ವಾ. ಹಾಗಾದರೆ ಅದು ಫಾರ್ವರ್ಡೇ. ನೀವೇ ಕೂತು ಟೈಪ್ ಮಾಡಿದ್ದರೂ ಓದುವವರಿಗೆ ಆ ವ್ಯತ್ಯಾಸ ಕಾಣೋದಿಲ್ಲ.

ಹಾರೈಕೆಯ ಮಾತು ಬದಲಾಯಿಸಿದರೆ ಇದು ಸರಿಹೋಗಲ್ಲ. "ಸುಖ, ಶಾಂತಿ" ತೆಗೆದು "ನೆಮ್ಮದಿ, ನಗು" ಹಾಕಿದರೂ ಅದೇ ಕಥೆ. ಬೇಕಾಗಿರೋದು ಒಂದೇ ಒಂದು ಸಾಲು, ಆ ಕ್ಲೈಂಟ್‌ಗೆ ನೀವು ಮಾತ್ರ ಬರೆಯಬಹುದಾದ ಸಾಲು. ಉಳಿದದ್ದು ಎಷ್ಟು ಸಾಧಾರಣವಾಗಿದ್ದರೂ ನಡೆಯುತ್ತದೆ.

ಆ ಸಾಲು ಎಲ್ಲಿ ಸಿಗುತ್ತೆ ಅಂದರೆ, ನಿಮ್ಮ ಇನ್‌ಬಾಕ್ಸ್‌ನಲ್ಲೇ. ಕ್ಲೈಂಟ್ ಹೆಸರು ಹುಡುಕಿ, ಈ ವರ್ಷದ ಇಮೇಲ್‌ಗಳ ಮೇಲೆ ಸುಮ್ನೆ ಕಣ್ಣಾಡಿಸಿ. ಒಟ್ಟಿಗೆ ಮುಗಿಸಿದ ಒಂದು ಕೆಲಸ, ಅವರು ತಾಳ್ಮೆ ತೋರಿಸಿದ ಒಂದು ದಿನ, ಅವರು ಕೊಟ್ಟ ಒಂದು ಒಳ್ಳೆ ಸಲಹೆ, ಏನೋ ಒಂದು ಸಿಕ್ಕೇ ಸಿಗುತ್ತದೆ. ಆದರೆ ಎಚ್ಚರ ಇರಲಿ. ಮಾತಿನ ಮಧ್ಯೆ ಕಿವಿಗೆ ಬಿದ್ದ ಮನೆ ವಿಷಯ, ಆಸ್ಪತ್ರೆ ವಿಷಯ, ಅವರ ಫೋಟೋ ನೋಡಿ ತಿಳಿದ ಪ್ರವಾಸ, ಇವೆಲ್ಲ ಬೇಡ. "ಇವರಿಗೆ ನಾನು ನೆನಪಿದ್ದೇನೆ" ಅನ್ನಿಸಬೇಕೇ ಹೊರತು "ಇವರು ನನ್ನನ್ನು ಗಮನಿಸ್ತಿದ್ದಾರೆ" ಅನ್ನಿಸಬಾರದು. ಇಬ್ಬರೂ ಜೊತೆಗಿದ್ದು ನಡೆದದ್ದನ್ನಷ್ಟೇ ಬರೆಯಿರಿ.

ಒಂದು ಉದಾಹರಣೆ ನೋಡೋಣ. ಪುಸ್ತಕ ಮಾರುವ ಒಬ್ಬ ಕ್ಲೈಂಟ್‌ಗೆ ನೀವು ಜೂನ್‌ನಲ್ಲಿ ಸೈಟ್ ಮಾಡಿಕೊಟ್ಟಿರಿ ಅಂತಿಟ್ಟುಕೊಳ್ಳಿ. ಶುರುವಾಗುವ ಹಿಂದಿನ ರಾತ್ರಿ ಪೇಮೆಂಟ್ ಪುಟ ಕೈಕೊಟ್ಟಿತು. ಅವರು ರೇಗಲಿಲ್ಲ, ನಿಮ್ಮ ಜೊತೆ ಫೋನ್‌ನಲ್ಲೇ ಕೂತು ಒಂದೊಂದೇ ಆರ್ಡರ್ ಹಾಕಿ ಪರೀಕ್ಷೆ ಮಾಡಿದರು. ಅವರಿಗೆ ಹೋಗುವ ಇಮೇಲ್ ಹೀಗಿರಬಹುದು:

> ವಿಷಯ: ಜೂನ್‌ನ ಆ ರಾತ್ರಿಗೆ ಥ್ಯಾಂಕ್ಸ್
>
> ನಮಸ್ಕಾರ ಮೇಡಂ,
>
> ಸೈಟ್ ಶುರುವಾಗುವ ಹಿಂದಿನ ರಾತ್ರಿ ಪೇಮೆಂಟ್ ಪುಟ ಕೈಕೊಟ್ಟಾಗ ನೀವು ನಮ್ಮ ಜೊತೆ ಕೂತು ಒಂದೊಂದೇ ಆರ್ಡರ್ ಹಾಕಿ ನೋಡಿದಿರಲ್ಲ, ಅದರ ಬಗ್ಗೆ ನಮ್ಮ ಆಫೀಸಿನಲ್ಲಿ ಇನ್ನೂ ಮಾತಾಡುತ್ತೇವೆ. ಈ ವರ್ಷ ನಿಮ್ಮ ಜೊತೆ ಕೆಲಸ ಮಾಡಿದ್ದು ಖುಷಿ ಕೊಟ್ಟಿತು.
>
> ನಾಡಿದ್ದಿನಿಂದ ಮೂರು ದಿನ ದೀಪಾವಳಿಗೆ ನಮಗೆ ರಜೆ. ಹಬ್ಬದ ಸಂತೋಷ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಬರೆದೆ. ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ, ಸ್ವಲ್ಪ ಬಿಡುವೂ ಸಿಗಲಿ.

ಕೆಳಗೆ ನಿಮ್ಮ ಹೆಸರು. ಅಷ್ಟೇ. ಇದಕ್ಕಿಂತ ಉದ್ದ ಬೇಡ, ಹಬ್ಬದ ಮುಂಚಿನ ದಿನ ಯಾರಿಗೂ ಪುರುಸೊತ್ತಿರಲ್ಲ.

ನೆನಪಿನ ಸಾಲು ಮೊದಲು, ಹಬ್ಬ ಆಮೇಲೆ ಬಂದಿದೆ, ಗಮನಿಸಿ. ಅದಕ್ಕೆ ಕಾರಣ ಇದೆ. ಹೆಚ್ಚಿನ ಇನ್‌ಬಾಕ್ಸ್‌ಗಳಲ್ಲಿ ವಿಷಯದ ಪಕ್ಕ ಅಥವಾ ಕೆಳಗೆ ಇಮೇಲ್‌ನ ಮೊದಲ ಕೆಲವು ಪದಗಳೂ ಕಾಣುತ್ತವೆ. ಅಲ್ಲಿ "ಹಬ್ಬದ ಹಾರ್ದಿಕ ಶುಭಾಶಯಗಳು" ಅಂತಿದ್ದರೆ ಅವತ್ತು ಬಂದಿರುವ ಹತ್ತಾರು ಇಮೇಲ್‌ಗಳಲ್ಲಿ ಅದೂ ಒಂದು. "ಸೈಟ್ ಶುರುವಾಗುವ ಹಿಂದಿನ ರಾತ್ರಿ" ಅಂತಿದ್ದರೆ ಕೈ ತಾನಾಗಿ ಅದನ್ನು ತೆರೆಯುತ್ತದೆ. ಇನ್ನು ಸಂಬೋಧನೆ. ಮಾಮೂಲಿ ದಿನ ಅವರಿಗೆ ಏನಂತ ಬರೆಯುತ್ತೀರೋ ಇಲ್ಲೂ ಹಾಗೇ ಬರೆಯಿರಿ. ವರ್ಷವಿಡೀ "ನಮಸ್ಕಾರ ಮೇಡಂ" ಅಂದವರು ಹಬ್ಬದ ದಿನ ಇದ್ದಕ್ಕಿದ್ದಂತೆ "ತಮ್ಮ ಬಾಳಿನಲ್ಲಿ" ಅಂದರೆ ಯಾರೋ ಬೇರೆಯವರು ಬರೆದ ಹಾಗಿರುತ್ತದೆ.

ಈಗ ನಿಮ್ಮ ಎರಡನೇ ಚಿಂತೆಗೆ ಬರೋಣ, ಎಲ್ಲರನ್ನೂ ಒಳಗೊಳ್ಳೋದು. ಇಲ್ಲಿ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಹಬ್ಬದ ಹೆಸರನ್ನೇ ಬಿಟ್ಟು "ಶುಭ ಋತು" ಥರದ ಏನೂ ಹೇಳದ ಮಾತು. ಇನ್ನೊಂದು, ಎಲ್ಲ ಧರ್ಮದ ಹಬ್ಬಗಳ ಹೆಸರನ್ನೂ ಸಾಲಾಗಿ ಬರೆದು ಪಟ್ಟಿ ಮಾಡೋದು. ನನಗೆ ಎರಡೂ ಇಷ್ಟವಿಲ್ಲ. ಮೊದಲನೆಯದರಲ್ಲಿ ಬೆಚ್ಚಗಿನದ್ದು ಏನೂ ಉಳಿಯಲ್ಲ, ಎರಡನೆಯದು ಸರ್ಕಾರಿ ಸುತ್ತೋಲೆ ಥರ. "ನೀವು ಆಚರಿಸುವವರಾಗಿದ್ದರೆ" ಅನ್ನೋ ಮಾತೂ ಅಷ್ಟೇ, ಓದುವವರನ್ನು ಆಗಲೇ ಎರಡು ಗುಂಪು ಮಾಡಿಬಿಡುತ್ತದೆ.

ಹಬ್ಬ ನಿಮ್ಮದು ಅಂತಲೇ ಹೇಳಿ, ಅದೇ ಸುಲಭ. ಮೇಲಿನ ಇಮೇಲ್‌ನಲ್ಲಿ ದೀಪಾವಳಿ ಅನ್ನೋ ಹೆಸರು ಧಾರಾಳವಾಗಿ ಇದೆ, ಆದರೆ ರಜೆ ನಮಗೆ, ಸಂತೋಷ ನಮ್ಮದು. ಓದುವವರ ಕಡೆಗೆ ಹೋಗುವ ಹಾರೈಕೆ ಮಾತ್ರ ಒಳ್ಳೆಯದಾಗಲಿ, ಬಿಡುವು ಸಿಗಲಿ ಅನ್ನೋದು. ಅದು ಯಾರಿಗಾದರೂ ಹೊಂದುತ್ತದೆ. ಆಚರಿಸುವವರು ಅದನ್ನು ಹಬ್ಬದ ಶುಭಾಶಯ ಅಂತ ತಗೊಳ್ಳುತ್ತಾರೆ, ಆಚರಿಸದವರಿಗೆ ಪಕ್ಕದ ಮನೆಯವರು ಸಿಹಿ ಕೊಟ್ಟ ಹಾಗಿರುತ್ತದೆ. ಯಾರೂ ತಮ್ಮ ಧರ್ಮ ಯಾವುದು ಅಂತ ವಿವರಣೆ ಕೊಡಬೇಕಾಗಿಲ್ಲ. ಹಬ್ಬದ ದೇವರ ಚಿತ್ರ, ಶ್ಲೋಕ ಮಾತ್ರ ಕ್ಲೈಂಟ್ ಇಮೇಲ್‌ಗೆ ಬೇಡ.

ಕ್ಲೈಂಟ್‌ನ ಹಬ್ಬ ಯಾವುದು ಅಂತ ಅವರೇ ಹೇಳಿದ್ದು ಗೊತ್ತಿದ್ದರೆ ಆ ದಿನ ಅವರಿಗೆ ಬೇರೆಯಾಗಿ ಬರೆಯಿರಿ. ಹೆಸರು ನೋಡಿ ಊಹಿಸಬೇಡಿ, ಊಹೆ ತಪ್ಪಿದರೆ ಏನೂ ಬರೆಯದೆ ಇದ್ದದ್ದಕ್ಕಿಂತ ಕೆಟ್ಟದು. ಕ್ಯಾಲೆಂಡರ್‌ನಲ್ಲಿ ರಜೆ ಅಂತ ಇದ್ದ ಮಾತ್ರಕ್ಕೆ ಶುಭಾಶಯದ ದಿನವೂ ಅಲ್ಲ. ಗುಡ್ ಫ್ರೈಡೇ ಏಸುವಿನ ಶಿಲುಬೆಯ ನೆನಪಿನ ದಿನ. ಮೊಹರಂನ ಹತ್ತನೇ ದಿನ ಶಿಯಾ ಮುಸ್ಲಿಮರಿಗೆ ಶೋಕದ ದಿನ. ಅವತ್ತು "ಹ್ಯಾಪಿ" ಅಂತ ಬರೆದು ಮುಜುಗರಕ್ಕೆ ಬಿದ್ದ ಕಂಪನಿಗಳಿಗೆ ಕೊರತೆಯಿಲ್ಲ. ಈದ್ ಚಂದ್ರದರ್ಶನದ ಮೇಲೆ ನಿಲ್ಲುತ್ತದೆ, ಹಾಗಾಗಿ ಒಂದು ದೇಶದಲ್ಲಿ ಇವತ್ತಾದರೆ ಇನ್ನೊಂದರಲ್ಲಿ ನಾಳೆ ಇರಬಹುದು. ವಿದೇಶದ ಕ್ಲೈಂಟ್‌ಗೆ ಬರೆಯುವಾಗ ಅವರ ಊರಿನ ದಿನ ನೋಡಿಕೊಳ್ಳಿ. ಈ ವರ್ಷ ಮನೆಯಲ್ಲಿ ಸಾವು ಕಂಡವರಿಗೆ ಹಬ್ಬದ ಮಾತು ಪೂರ್ತಿ ಬಿಟ್ಟುಬಿಡಿ, ಥ್ಯಾಂಕ್ಸ್ ಮತ್ತು "ನೆನಪಾದಿರಿ, ಬರೆದೆ" ಅಷ್ಟು ಸಾಕು.

"60 ಜನಕ್ಕೆ ಹೀಗೆ ಬರೆಯೋಕಾಗುತ್ತಾ?" ಅಂತ ಕೇಳುತ್ತೀರಿ. ಆಗುತ್ತೆ, ಆದರೆ ಎಲ್ಲರಿಗೂ ಪೂರ್ತಿ ಇಮೇಲ್ ಬರೆಯಬೇಕಾಗಿಲ್ಲ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಕ್ಲೈಂಟ್ ಹೆಸರು, ಇಮೇಲ್, ನೀವು ಅವರನ್ನು ಕರೆಯುವ ರೀತಿ, ಕೊನೆಗೆ "ನೆನಪು" ಅಂತ ಒಂದು ಕಾಲಂ ಮಾಡಿ. ಆ ಕಾಲಂ ಅನ್ನು ನೀವೊಬ್ಬರೇ ತುಂಬಬೇಡಿ. ಯಾರು ಯಾವ ಕ್ಲೈಂಟ್ ಜೊತೆ ಕೆಲಸ ಮಾಡಿದ್ದಾರೋ ಅವರೇ ತಮ್ಮ ಸಾಲು ಬರೆಯಲಿ. ಆರು ಜನ ಇದ್ದೀರಿ, ತಲೆಗೆ ಹತ್ತು ಸಾಲು ಬರುತ್ತದೆ. ಹಾಗೆಯೇ ಆ ಇಮೇಲ್ ಕೂಡ ಅವರ ಹೆಸರಿನಿಂದಲೇ ಹೋಗಲಿ. ಕ್ಲೈಂಟ್‌ಗೆ ದಿನಾ ಮಾತಾಡಿ ಗೊತ್ತಿರೋದು ಅವರು, ಕಂಪನಿಯ ಲೋಗೋ ಅಲ್ಲ. ಕಾಲಂನಲ್ಲಿ ಯಾರ ಎದುರು ಏನೂ ಬರೆಯಲು ಹೊಳೆಯುವುದಿಲ್ಲವೋ, ಉದಾಹರಣೆಗೆ ಎರಡು ವರ್ಷದಿಂದ ಒಂದು ಮಾತೂ ಆಡದವರು, ಅವರಿಗೆ ಈ ಸಲ ಕಳಿಸದಿದ್ದರೆ ಏನೂ ನಷ್ಟವಿಲ್ಲ.

ತಲೆಗೆ ಹತ್ತೇ ಆದರೆ ಕೈಯಿಂದಲೇ ಒಂದೊಂದಾಗಿ ಕಳಿಸಿ ಅಂತ ನನ್ನ ಸಲಹೆ. ಎಲ್ಲರ ವಿಳಾಸವನ್ನೂ To ಜಾಗದಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ, ಅದು ತಪ್ಪು. Bcc ಹಾಕಿದರೆ ಅವರ ವಿಳಾಸವೇ ಅಲ್ಲಿ ಇರಲ್ಲ, ಗುಂಪಿಗೆ ಹೋದದ್ದು ಅಂತ ತಕ್ಷಣ ಗೊತ್ತಾಗುತ್ತೆ. ಹೆಸರು, ಸಾಲು ತಾನಾಗಿ ತುಂಬಿಕೊಳ್ಳುವ ಮೇಲ್ ಮರ್ಜ್ ಇದೆ ನಿಜ. ಆದರೆ ಜಿಮೇಲ್‌ನ ಮೇಲ್ ಮರ್ಜ್ ಪ್ರತಿ ಇಮೇಲ್‌ನ ಕೆಳಗೂ ಅನ್‌ಸಬ್‌ಸ್ಕ್ರೈಬ್ ಲಿಂಕ್ ತಾನೇ ಸೇರಿಸುತ್ತದೆ. ಅಷ್ಟು ಚೆನ್ನಾಗಿ ಬರೆದ ಸಾಲಿನ ಕೆಳಗೆ ಆ ಲಿಂಕ್ ಕಂಡರೆ ಕಥೆ ಮುಗಿಯಿತು. ಹೆಸರಿನ ಜಾಗ ಖಾಲಿ ಉಳಿಯೋದು, ಇನ್ನೊಬ್ಬರ ನೆನಪು ಮತ್ತೊಬ್ಬರಿಗೆ ಹೋಗೋದು, ಇವೂ ಮೇಲ್ ಮರ್ಜ್‌ನಲ್ಲಿ ಆಗುವ ಎಡವಟ್ಟುಗಳೇ. ಬಳಸಲೇಬೇಕು ಅಂದರೆ ಮೊದಲು ನಿಮ್ಮ ವಿಳಾಸಕ್ಕೇ ನಾಲ್ಕೈದು ಪ್ರತಿ ಕಳಿಸಿ, ಫೋನ್‌ನಲ್ಲಿ ತೆರೆದು ಓದಿ.

ಚಿತ್ರದ ಗ್ರೀಟಿಂಗ್ ಕಾರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಅದು ಬೇಡ. ಔಟ್‌ಲುಕ್‌ನಂಥ ಕಡೆ ಹೊರಗಿನ ಚಿತ್ರಗಳು ಎಷ್ಟೋ ಸಲ ತಾನಾಗಿ ತೆರೆಯಲ್ಲ, ಕ್ಲೈಂಟ್‌ಗೆ ಕಾಣೋದು ಒಂದು ಖಾಲಿ ಚೌಕ. ತೆರೆದರೂ ಅಂಥದ್ದೇ ಕಾರ್ಡ್ ಅವರ ವಾಟ್ಸಾಪ್‌ನಲ್ಲಿ ಆಗಲೇ ಇರುತ್ತೆ. ಹೊಸ ಪ್ಯಾಕೇಜ್, ಹಬ್ಬದ ರಿಯಾಯಿತಿ ಅಂತಲೂ ಇದರಲ್ಲಿ ಸೇರಿಸಬೇಡಿ. ಒಂದು ಸಾಲು ಸೇರಿಸಿದರೂ ಅದು ಜಾಹೀರಾತಾಗುತ್ತದೆ, ಮೇಲಿನ ಥ್ಯಾಂಕ್ಸ್ ಕೂಡ ಅದಕ್ಕೆ ಹಾಕಿದ ಗಾಳದ ಹಾಗೆ ಕಾಣುತ್ತದೆ. ಬಾಕಿ ಬಿಲ್ ಇದ್ದರೆ ಅದನ್ನು ಬೇರೆ ದಿನ ಕೇಳಿ.

ಹಬ್ಬದ ದಿನವೇ ಕಳಿಸಬೇಡಿ, ಎರಡು ದಿನ ಮುಂಚೆ ಕೆಲಸದ ಹೊತ್ತಿನಲ್ಲಿ ಕಳಿಸಿ. ರಜೆಗೆ ಅಂತ ತಾನಾಗಿ ಹೋಗುವ ಉತ್ತರವನ್ನು ಇಟ್ಟು ಹೋಗುವವರಾದರೆ ಅದನ್ನೂ ಒಮ್ಮೆ ತೆರೆದು ನೋಡಿ. ಈ ಸಲ ಕ್ಲೈಂಟ್‌ಗಳು ಉತ್ತರ ಬರೆಯುತ್ತಾರೆ. "ಆ ರಾತ್ರಿ ನನಗೂ ಚೆನ್ನಾಗಿ ನೆನಪಿದೆ" ಅಂತ ಅವರು ಬರೆದ ಮರುಕ್ಷಣ "ನಿಮ್ಮ ಸಂದೇಶ ತಲುಪಿದೆ, ತುರ್ತಿದ್ದರೆ ಸಪೋರ್ಟ್ ತಂಡವನ್ನು ಸಂಪರ್ಕಿಸಿ" ಅಂತ ಹೋದರೆ ಚೆನ್ನಾಗಿರಲ್ಲ. ಅದರಲ್ಲೂ ನಿಮ್ಮ ಮಾತಿನಲ್ಲಿ ಒಂದು ಸಾಲು ಇರಲಿ: "ಹಬ್ಬಕ್ಕೆ ಮನೆಯಲ್ಲಿದ್ದೇನೆ, ಗುರುವಾರ ಬಂದು ಖಂಡಿತ ಬರೆಯುತ್ತೇನೆ." ಗುರುವಾರ ಬಂದು ಬರೆಯಿರಿ ಕೂಡ.