ಮೊದಲ ಮೂರು ತಿಂಗಳು 399, ಆಮೇಲೆ 825: ಬ್ರಾಡ್‌ಬ್ಯಾಂಡ್ ಬಿಲ್ ಏಕೆ ಜಿಗಿಯುತ್ತದೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ, ವಿದ್ಯಾನಗರ. ಜೂನ್ 12ಕ್ಕ ಮನಿಗೆ ಫೈಬರ್ ಹಾಕ್ಸಿದ್ವಿ. ‘ಮೂರು ತಿಂಗಳು ಬರೇ 399’ ಅಂತ ಆಫರ್ ಇತ್ತು. ಜುಲೈ ಬಿಲ್ 769, ಆಗಸ್ಟ್ 471, ಸೆಪ್ಟೆಂಬರ್ 695, ಈಗ ಅಕ್ಟೋಬರ್ 825 ಬಂದೈತಿ. ರೊಕ್ಕ ಆಟೋಪೇದಾಗ ತಾನ ಹೋಗಾಕತ್ತೈತಿ. ಒಂದು ತಿಂಗಳದ್ದೂ 399 ಇಲ್ಲ. ಇದು ಮೋಸ ಏನ್ರಿ? ಈಗ ಏನ್ ಮಾಡ್ಬೇಕು?

ಉತ್ತರ:

ಲೆಕ್ಕ ಹಾಕಿ ನೋಡಿದರೆ ನಿಮ್ಮ ನಾಲ್ಕೂ ಬಿಲ್ ಸರಿಯಾಗಿಯೇ ಇವೆ. ಆಫರ್ ಹೇಳಿದ ರೀತಿ ಸರಿಯಿತ್ತೇ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ಲ್ಯಾನಿನ ಬೆಲೆ ಯಾವತ್ತೂ 399 ಆಗಿರಲಿಲ್ಲ, ಮೊದಲ ದಿನದಿಂದಲೂ ಅದು 699ರ ಪ್ಲ್ಯಾನ್. ಅದರ ಮೇಲೆ ಮೂರು ತಿಂಗಳ ಮಟ್ಟಿಗೆ 300 ರೂಪಾಯಿ ರಿಯಾಯಿತಿ ಕೊಟ್ಟಿದ್ದಾರೆ. ಆಗಸ್ಟ್ ಬಿಲ್ಲಿನ ಪಿಡಿಎಫ್ ತೆರೆದು ಎರಡನೇ ಪುಟದ ಕಡೆ ನೋಡಿ. ‘ಮಾಸಿಕ ಬಾಡಿಗೆ 699.00’ ಎಂಬ ಸಾಲು, ಅದರ ಕೆಳಗೆ ಮೈನಸ್ ಚಿಹ್ನೆಯೊಂದಿಗೆ ‘ಡಿಸ್ಕೌಂಟ್ 300.00’ ಎಂಬ ಇನ್ನೊಂದು ಸಾಲು ಇರುತ್ತದೆ. ಉಳಿದ 399ಕ್ಕೆ ಶೇ 18 ಜಿಎಸ್‌ಟಿ, ಅಂದರೆ 71.82 ಸೇರಿ 470.82 ಆಗುತ್ತದೆ. ಜಾಹೀರಾತಿನ ದರ ತೆರಿಗೆ ಬಿಟ್ಟು ಇರುವುದರಿಂದ ಯಾವ ತಿಂಗಳೂ ನಿಮ್ಮ ಖಾತೆಯಿಂದ ಸರಿಯಾಗಿ 399 ಹೋಗಲು ಸಾಧ್ಯವೇ ಇರಲಿಲ್ಲ.

ಇನ್ನು ಜುಲೈ ಮತ್ತು ಸೆಪ್ಟೆಂಬರ್ ಏಕೆ ಬೇರೆ? ಇಲ್ಲಿ ಎರಡು ಕ್ಯಾಲೆಂಡರ್ ಒಟ್ಟಿಗೆ ಓಡುತ್ತಿವೆ. ಬಿಲ್ಲಿನ ಲೆಕ್ಕ ಒಂದನೇ ತಾರೀಖಿಗೆ ಶುರುವಾಗುತ್ತದೆ, ಅದೂ ಆ ತಿಂಗಳ ಬಾಡಿಗೆ ಮುಂಗಡವಾಗಿ. ಆಫರಿನ ಲೆಕ್ಕ ಶುರುವಾಗುವುದು ಲೈನ್ ಚಾಲೂ ಆದ ಜೂನ್ 12ಕ್ಕೆ, ಹಾಗಾಗಿ ಮುಗಿಯುವುದು ಸೆಪ್ಟೆಂಬರ್ 11ಕ್ಕೆ.

ಜುಲೈ ಒಂದರ ಬಿಲ್ಲಿನಲ್ಲಿ ಜೂನ್ 12ರಿಂದ 30ರವರೆಗಿನ 19 ದಿನದ ಬಾಕಿಯೂ ಇದೆ, ಪೂರ್ತಿ ಜುಲೈನ ಮುಂಗಡವೂ ಇದೆ. 19 ದಿನಕ್ಕೆ ರಿಯಾಯಿತಿ ಕಳೆದು 252.70, ಜುಲೈಗೆ 399, ಒಟ್ಟು 651.70. ತೆರಿಗೆ ಸೇರಿದರೆ 769. ಆಗಸ್ಟ್ ಪೂರ್ತಿ ಆಫರಿನೊಳಗೆ ಬರುತ್ತದೆ, ಹಾಗಾಗಿ 471. ಸೆಪ್ಟೆಂಬರ್‌ನಲ್ಲಿ ಬಾಡಿಗೆ 30 ದಿನದ್ದು, ರಿಯಾಯಿತಿ ಮಾತ್ರ 11 ದಿನದ್ದು. ದಿನಕ್ಕೆ 10 ರೂಪಾಯಿಯಂತೆ 110 ಕಳೆದರೆ 589, ತೆರಿಗೆ ಸೇರಿ 695.02. ಅಕ್ಟೋಬರ್‌ನಲ್ಲಿ ಡಿಸ್ಕೌಂಟ್ ಸಾಲೇ ಇಲ್ಲ. 699ಕ್ಕೆ 125.82 ಸೇರಿ 824.82. ಬಿಲ್ ಎರಡು ಮೆಟ್ಟಿಲಾಗಿ ಏರಿದಂತೆ ಕಂಡದ್ದು ಇದಕ್ಕೇ. ದರ ಎರಡು ಸಲ ಏರಿಲ್ಲ, ರಿಯಾಯಿತಿ ತಿಂಗಳ ನಡುವೆ ಮುಗಿದಿದೆ. ಇನ್ನೊಂದು ಮಾತು, 300 ಹೋದರೆ ನಿಮಗೆ ಬೀಳುವ ಹೊರೆ 300 ಅಲ್ಲ, 354. ರಿಯಾಯಿತಿ ಇದ್ದಾಗ ಅಷ್ಟು ಹಣದ ಮೇಲಿನ ತೆರಿಗೆಯೂ ಉಳಿದಿತ್ತು.

ಕಂಪನಿಗಳ ಎಡವಟ್ಟು ಸಾಮಾನ್ಯವಾಗಿ ಸಿಗುವುದು ಈ ಸೆಪ್ಟೆಂಬರ್ ಬಿಲ್ಲಿನಂಥದ್ದರಲ್ಲೇ. ಕೆಲವೊಮ್ಮೆ ಜೂನ್‌ನ ತುಂಡು ದಿನಗಳನ್ನೇ ‘ಒಂದು ತಿಂಗಳು’ ಎಂದು ಎಣಿಸಿ ಆಗಸ್ಟ್ ಕೊನೆಗೇ ಆಫರ್ ಮುಗಿಸಿಬಿಡುತ್ತಾರೆ. ಹಾಗೆ ಆಗಿದ್ದರೆ ನಿಮ್ಮ ಸೆಪ್ಟೆಂಬರ್ ಬಿಲ್ಲೇ 825 ಬರುತ್ತಿತ್ತು, ತೆರಿಗೆ ಸೇರಿ 129.80 ನಿಮ್ಮ ಕೈಬಿಟ್ಟು ಹೋಗುತ್ತಿತ್ತು. ಇನ್ನು ಕೆಲವು ಕಡೆ ಲೈನ್ ಚಾಲೂ ಆದ ದಿನ ಬಿಟ್ಟು, ನೀವು ಆ್ಯಪ್‌ನಲ್ಲಿ ಬುಕ್ ಮಾಡಿದ ದಿನದಿಂದ ಎಣಿಸುತ್ತಾರೆ. ವೈರ್ ಎಳೆಯುವವರು ಒಂದು ವಾರ ತಡ ಮಾಡಿದರೆ ಆ ವಾರದ ಆಫರ್ ಬಳಸದೇ ಕರಗಿ ಹೋಗುತ್ತದೆ. ಅದಕ್ಕೇ ‘ಚಾಲೂ ಆಗಿದೆ’ ಎಂದು ಬಂದ ಎಸ್‌ಎಂಎಸ್ ಅಳಿಸಬೇಡಿ. ತಾರೀಖಿಗೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಇದನ್ನು ಓದುತ್ತಿರುವ ಬೇರೆಯವರಿಗೆ: ನಿಮ್ಮ ಜಿಗಿತಕ್ಕೆ ಕಾರಣ ಬೇರೆ ಇರಬಹುದು. ಹಳೆಯ ಬಿಲ್, ಹೊಸ ಬಿಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿ. ಒಂದು ಮೈನಸ್ ಸಾಲು ಮಾಯವಾಗಿದ್ದರೆ ರಿಯಾಯಿತಿ ಮುಗಿದಿದೆ. ಹೊಸದಾಗಿ ಒಂದು ಸಾಲು ಹುಟ್ಟಿದ್ದರೆ ಅದು ಬೇರೆ ಕಥೆ. ಮೂರು ತಿಂಗಳು ಪುಕ್ಕಟೆ ಕೊಟ್ಟ ಸಿನಿಮಾ ಪ್ಯಾಕ್ ಅಥವಾ ರೌಟರ್ ಬಾಡಿಗೆ ಈಗ ಶುರುವಾಗಿರುತ್ತದೆ. ಅಂಥದ್ದನ್ನು ಒಂದೊಂದಾಗಿ ತೆಗೆಸಬಹುದು, ಇಂಟರ್‌ನೆಟ್ ಬಂದ್ ಮಾಡಿಸಬೇಕಿಲ್ಲ.

ಈಗ ಮೋಸದ ಪ್ರಶ್ನೆ. ಬುಕ್ ಮಾಡುವಾಗಿನ ಪುಟದಲ್ಲಿ, ಫಾರ್ಮಿನಲ್ಲಿ ಅಥವಾ ಮೆಸೇಜಿನಲ್ಲಿ ‘ನಂತರ 699’ ಎಂದು ಎಲ್ಲಿಯಾದರೂ ಇದ್ದರೆ ವಾದ ಮಾಡಿ ಗೆಲ್ಲುವುದು ಕಷ್ಟ, ಅಕ್ಷರ ಎಷ್ಟೇ ಸಣ್ಣದಿರಲಿ. ಎಲ್ಲಿಯೂ ಇಲ್ಲದಿದ್ದರೆ ನಿಮ್ಮ ದೂರಿಗೆ ಬಲ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ, ಚಂದಾದಾರನನ್ನು ಸಿಕ್ಕಿಸಿ ಹೊರಬರದಂತೆ ಮಾಡುವುದನ್ನೂ, ಬೆಲೆಯ ಕೆಲವು ಭಾಗ ಮೊದಲು ಮುಚ್ಚಿಟ್ಟು ಆಮೇಲೆ ತೋರಿಸುವುದನ್ನೂ ಹೆಸರಿಸಿ ನಿಷೇಧಿಸಿದ್ದಾರೆ. ಮೊದಲು ಕಂಪನಿಯಲ್ಲೇ ದೂರು ಬರೆಸಿ ಡಾಕೆಟ್ ನಂಬರ್ ತಗೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇರುತ್ತದೆ, ಡಾಕೆಟ್ ನಂಬರ್ ಇಲ್ಲದೆ ಅಲ್ಲಿ ಮುಂದುವರಿಯಲು ಆಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆಟೋಪೇ ವಿಷಯಕ್ಕೆ ಬಂದರೆ, ‘399ಕ್ಕೆ ಒಪ್ಪಿಗೆ ಕೊಟ್ಟಿದ್ದೆ, 825 ಹೆಂಗ ಕಡಿದ್ರು?’ ಎಂದು ಬಹಳ ಜನ ಕೇಳುತ್ತಾರೆ. ನೀವು ಒಪ್ಪಿಗೆ ಕೊಟ್ಟದ್ದು 399ಕ್ಕೆ ಅಲ್ಲ, ಒಂದು ಗರಿಷ್ಠ ಮಿತಿಗೆ. ಬಿಲ್ ತಿಂಗಳಿಂದ ತಿಂಗಳಿಗೆ ಬದಲಾಗುವ ಸೇವೆಗಳಲ್ಲಿ ಮ್ಯಾಂಡೇಟ್ ಮಾಡುವಾಗ ‘ಇಷ್ಟರವರೆಗೆ’ ಎಂಬ ಅಂಕಿ ಇರುತ್ತದೆ, ಕಂಪನಿಯವರು ಅದನ್ನು 2,000 ಅಥವಾ ಇನ್ನೂ ದೊಡ್ಡದಾಗಿ ಮೊದಲೇ ತುಂಬಿರುತ್ತಾರೆ. ನಾವು ಪಿನ್ ಒತ್ತಿ ಮುಗಿಸುತ್ತೇವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿಯುವ ಕನಿಷ್ಠ 24 ತಾಸು ಮೊದಲು ಮೊತ್ತ ಸಮೇತ ಸೂಚನೆ ಬರಬೇಕು. ಬಂದಿರುತ್ತದೆ ಕೂಡ, ಆದರೆ ಸಾಲದ ಜಾಹೀರಾತಿನ ಮೆಸೇಜುಗಳ ನಡುವೆ ಹುದುಗಿರುತ್ತದೆ. ಆಫರ್ ಮುಗಿಯುವ ತಿಂಗಳಿನಲ್ಲಾದರೂ ಅದನ್ನು ಹುಡುಕಿ ಓದಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗಕ್ಕೆ ಹೋದರೆ ನಿಮ್ಮ ಮ್ಯಾಂಡೇಟಿನ ಮಿತಿ ಕಾಣುತ್ತದೆ, ಬೇಡವಾದರೆ ಅಲ್ಲಿಯೇ ರದ್ದು ಮಾಡಬಹುದು. ಆದರೆ ಆಟೋಪೇ ರದ್ದು ಮಾಡಿದರೆ ಸಂಪರ್ಕ ರದ್ದಾಗುವುದಿಲ್ಲ. ಪೋಸ್ಟ್‌ಪೇಯ್ಡ್ ಆದರೆ ಬಿಲ್ ಬೆಳೆಯುತ್ತಲೇ ಇರುತ್ತದೆ, ಮೇಲೆ ತಡದ ದಂಡ.

ಇಂಥ ಆಫರ್ ತಗೊಳ್ಳುವುದು ಲಾಭವೋ ನಷ್ಟವೋ? ನನ್ನ ಲೆಕ್ಕದಲ್ಲಿ ಅದು ನೀವು ಆ ಮನೆಯಲ್ಲಿ ಎಷ್ಟು ತಿಂಗಳು ಇರುತ್ತೀರಿ ಎಂಬುದರ ಮೇಲಿದೆ. ಅದೇ ವೇಗಕ್ಕೆ ಇನ್ನೊಬ್ಬರು ಆಫರ್ ಏನೂ ಇಲ್ಲದೆ ತಿಂಗಳಿಗೆ 599 ಹೇಳುತ್ತಾರೆ ಎಂದುಕೊಳ್ಳಿ. ಎರಡಕ್ಕೂ ತೆರಿಗೆ ಒಂದೇ, ಸದ್ಯ ಅದನ್ನು ಬಿಡೋಣ. ನಿಮ್ಮ ಪ್ಲ್ಯಾನಿಗೆ ಆರು ತಿಂಗಳಿಗೆ 3,294, ಅವರದ್ದಕ್ಕೆ 3,594. ಇಲ್ಲಿ ಆಫರಿನಿಂದ 300 ಉಳಿಯುತ್ತದೆ. ಒಂಬತ್ತನೇ ತಿಂಗಳಿಗೆ ಎರಡೂ 5,391ಕ್ಕೆ ಬಂದು ಸಮ ಆಗುತ್ತವೆ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ನೀವು 100 ಹೆಚ್ಚು ಕೊಡುತ್ತೀರಿ. ಹನ್ನೆರಡು ತಿಂಗಳಿಗೆ 7,488 ಮತ್ತು 7,188. ಹಾಗಾಗಿ ಪರೀಕ್ಷೆ ತಯಾರಿಗೆಂದು ಧಾರವಾಡದ ಸಪ್ತಾಪುರದಲ್ಲಿ ಆರು ತಿಂಗಳು ರೂಮು ಮಾಡುವ ಹುಡುಗರಿಗೆ 399ರ ಆಫರ್ ಒಳ್ಳೆಯದು, ಕನಿಷ್ಠ ಅವಧಿಯ ಕಟ್ಟುಪಾಡು ಇಲ್ಲ ಎಂದು ಖಾತ್ರಿ ಮಾಡಿಕೊಂಡರೆ ಸಾಕು. ಸ್ವಂತ ಮನೆಯಲ್ಲಿ ವರ್ಷಗಟ್ಟಲೆ ಇರುವವರಿಗೆ ಆ 599ರ ಪ್ಲ್ಯಾನೇ ಸೋವಿ. ಕಂಪನಿಯವರು ನೆಚ್ಚಿರುವುದೂ ಇದನ್ನೇ. ಕಂಬದಿಂದ ಮನೆಗೆ ವೈರ್, ಡಬ್ಬಿ, ಲೈನ್‌ಮನ್ ಕೂಲಿ, ಕೇಬಲ್‌ನವರ ಕಮಿಷನ್ ಎಲ್ಲ ಮೊದಲ ತಿಂಗಳಲ್ಲೇ ಖರ್ಚಾಗಿರುತ್ತದೆ, ಅದು ವಾಪಸ್ ಬರಬೇಕಾದ್ದು ನಾಲ್ಕನೇ ತಿಂಗಳಿಂದ ಮುಂದೆ.

ಈಗ ನೀವು ಮಾಡಬೇಕಾದ್ದು. ಅಕ್ಟೋಬರಿನ ಬಾಡಿಗೆ ಮುಂಗಡವಾಗಿ ಕೊಟ್ಟಾಗಿದೆ, ಅದನ್ನು ವಾಪಸ್ ಕೇಳುವುದರಲ್ಲಿ ವೇಳೆ ಕಳೆಯಬೇಡಿ. ನವೆಂಬರ್ ಒಂದರ ಒಳಗೆ ಪ್ಲ್ಯಾನ್ ಇಳಿಸಿ. ಪ್ಲ್ಯಾನ್ ಬದಲಾವಣೆ ಸಾಮಾನ್ಯವಾಗಿ ಮುಂದಿನ ಬಿಲ್ ಚಕ್ರದಿಂದ ಲಾಗೂ ಆಗುತ್ತದೆ, ಅದಕ್ಕೆ ಕೊನೆಯ ದಿನದವರೆಗೆ ಕಾಯದೆ ಅಕ್ಟೋಬರ್ 20ರ ಸುಮಾರಿಗೇ ಹೇಳಿ. 499ರ ಪ್ಲ್ಯಾನ್ ಇದ್ದರೆ ತೆರಿಗೆ ಸೇರಿ 588.82 ಆಗುತ್ತದೆ. ಮನೆಯಲ್ಲಿ ಎರಡು ಮೊಬೈಲು, ಒಂದು ಟಿವಿ ಅಷ್ಟೇ ಆದರೆ ಕಡಿಮೆ ವೇಗವೂ ಸಾಕಾಗುತ್ತದೆ.

ಅದೇ ವೇಗ ಬೇಕೇ ಬೇಕು ಎಂದರೆ ಕಸ್ಟಮರ್ ಕೇರ್‌ಗೆ ‘ಬಿಲ್ ಕಡಿಮೆ ಮಾಡಿ’ ಎಂದು ಹೇಳಬೇಡಿ. ಆ ಕಡೆಯವರಿಗೆ ಅದಕ್ಕೆ ಅಧಿಕಾರ ಇರುವುದಿಲ್ಲ, ‘ಆಫರ್ ಮುಗಿದಿದೆ ಸರ್’ ಎಂದು ಇಟ್ಟುಬಿಡುತ್ತಾರೆ. ‘ಈ ತಿಂಗಳ ಕೊನೆಗೆ ಲೈನ್ ಬಂದ್ ಮಾಡಬೇಕಾಗಿದೆ, ಕೋರಿಕೆ ಬರೆದುಕೊಳ್ಳಿ’ ಎನ್ನಿ. ಆಗ ಕರೆ ಬೇರೆ ವಿಭಾಗಕ್ಕೆ ಹೋಗುತ್ತದೆ, ಮತ್ತೊಂದು ರಿಯಾಯಿತಿ ಕೊಡುವ ಕೈ ಇರುವುದು ಅವರಿಗೆ. ಕೊಟ್ಟರೆ ಮೂರು ವಿಷಯ ಕೇಳಿ: ಎಷ್ಟು, ಯಾವ ತಾರೀಖಿನವರೆಗೆ, ಅದಕ್ಕೆ ಪ್ರತಿಯಾಗಿ ಇಷ್ಟು ತಿಂಗಳು ಇರಲೇಬೇಕೆಂಬ ಷರತ್ತು ಇದೆಯೇ. ಉತ್ತರ ಎಸ್‌ಎಂಎಸ್ ಅಥವಾ ಇಮೇಲಿನಲ್ಲಿ ಬರುವವರೆಗೆ ಬಂದ್ ಕೋರಿಕೆ ಹಿಂದೆ ತಗೊಳ್ಳಬೇಡಿ. ಲೈನ್ ಹಾಕಿದ ಓಣಿಯ ಕೇಬಲ್‌ನವರು ‘ನಾ ಮಾಡಸ್ತೀನಿ ಬಿಡ್ರಿ’ ಎಂದರೂ ಅಷ್ಟೇ. ಅವರ ಮಾತು ಸಿಸ್ಟಮ್ಮಿನಲ್ಲಿ ಏರಿದೆಯೋ ಇಲ್ಲವೋ ಎಂದು ತಿಳಿಯುವುದು ನವೆಂಬರ್ ಬಿಲ್ಲಿನಲ್ಲಿ ಮೈನಸ್ ಸಾಲು ಕಂಡಾಗಲೇ.

ಪೂರ್ತಿ ಬಂದ್ ಮಾಡಿಸುವುದಾದರೆ ರೌಟರ್ ಡಬ್ಬಿ ಮತ್ತು ಅದರ ಅಡಾಪ್ಟರ್ ಎರಡನ್ನೂ ಕೊಟ್ಟು, ಡಬ್ಬಿಯ ಹಿಂಬದಿಯ ಸೀರಿಯಲ್ ನಂಬರ್ ಬರೆದ ರಸೀದಿ ತಗೊಳ್ಳಿ. ಕೊಡುವ ಮೊದಲು ಆ ನಂಬರಿನ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ‘ಡಬ್ಬಿ ಬಂದಿಲ್ಲ’ ಎಂದು ಮೂರು ತಿಂಗಳ ಮೇಲೆ ಬಿಲ್ ಕಳಿಸಿದರೆ ತೋರಿಸಲು ಅದು ಬೇಕಾಗುತ್ತದೆ. ಡಿಪಾಸಿಟ್ ಕೊಟ್ಟಿದ್ದರೆ ಅದು ಯಾವ ಖಾತೆಗೆ ಬರಬೇಕು ಎಂಬುದನ್ನೂ ಅದೇ ಹೊತ್ತಿಗೆ ಬರೆಸಿಬಿಡಿ.